ಅಣ್ಣನ ಬಿಸಿ ರಕ್ತ

ನನಗೆ ಹಾಡ್ಗ್‌ಕಿನ್ ಲಿಂಫೋಮಾ ಎಂಬ ಕ್ಯಾನ್ಸರ್ ಆಗಿ, ರಕ್ತ ಏರಿಸಬೇಕು ಎಂದಾಗ, ನನ್ನಣ್ಣ ಸತ್ತಿ ಊರಿನ ದ್ರಾಕ್ಷಿ ತೋಟ ಬಿಟ್ಟು ಬೆಳಗಾವಿಯ ಆಸ್ಪತ್ರೆಗೆ ಓಡಿ ಬಂದ. ಬಂದವನೇ ಅಂಗಿಯ ತೋಳು ಮಡಚಿ ಡಾಕ್ಟರಬಾಯಿಯವರ ಮುಂದೆ ನಿಂತ.

“ಮಂದಿ ರಕ್ತ ಯಾಕ್ರಿ? ಒಂದ ಹೊಟ್ಟ್ಯಾಗ ಹುಟ್ಟೇವಿ. ನಂದ ಬಿಸಿಬಿಸಿ ಹಾಕ್ರಿ.”

“ಅದಕ್ಕ ಹೆಚ್ಚ ಅಂಜಿಕಿರಿ, ಕಾಕಾ,” ಎಂದರು ಆಕೆ. ಒಡಹುಟ್ಟಿದವನ ಬಿಳಿ ರಕ್ತಕಣಗಳನ್ನು ನನ್ನ ಮೈ ಮನೆಯವರೆಂದು ಒಳಗೆ ಬಿಟ್ಟುಕೊಳ್ಳಬಹುದಂತೆ. ಅವು ಅಲ್ಲೇ ಬೆಳೆದು ನನ್ನ ಮೇಲೆಯೇ ತಿರುಗಿಬಿದ್ದರೆ ಬದುಕುವುದು ಬಲು ಅಪರೂಪವಂತೆ.

“ಹಂಗಾರ ಬಿಳೀವನ್ನ ಸೋಸಿ ತಗೀರಿ.”

“ಸೋಸೇ ಸೋಸ್ತೇವ್ರಿ, ಅದರಿಂದ ಜ್ವರ ಬರೂದು ಕಡಿಮಿ ಆಗ್ತೈತಿ. ಆದ್ರ ಒಂದೀಟು ಕಣ ಉಳದ ಉಳಿತಾವ. ಅವು ಬೆಳೀಬಾರದಂದ್ರ ರಕ್ತಕ್ಕ ವಿಕಿರಣ ಕೊಡಬೇಕ್ರಿ. ಈ ರೋಗದವರಿಗೆ ಯಾರ ರಕ್ತ ಹಾಕಿದ್ರೂ ಕೊಟ್ಟ ಹಾಕಬೇಕು, ಜೀವ ಇರೂತನಕ. ಹಂಗಿದ್ರೂ ಒಡಹುಟ್ಟಿದವರದು ಬ್ಯಾಡ್ರಿ.”

ಅಣ್ಣನ ಮುಖ ಸಣ್ಣದಾಯಿತು. ನನಗೋ ಸಿಟ್ಟೇ ಬಂತು. “ಬಿಳಿ ಕಣಾ ನನ್ನ ಮ್ಯಾಲ ಬಿದ್ರ ನೀನ ಬಡದಂಗ ಆತೇನು? ಸುಮ್ನ ಕುಂದ್ರು,” ಎಂದು ಗದರಿದೆ. ಅವನು ಕೂರಲಿಲ್ಲ. ಹೋಗಿ ರಕ್ತ ಕೊಟ್ಟು ಬಂದ. ಅದು ಬೇರೆ ಯಾರಿಗೋ ಹೋಯಿತು, ನನಗೆ ಬೇರೆ ಯಾರದೋ ಬಂತು.

ಈಗಲೂ ನರ್ಸ್ ರಕ್ತದ ಚೀಲ ತಂದರೆ ಮೊದಲು ಏಳುವವನು ಅವನೇ. ವಿಕಿರಣ ಕೊಟ್ಟ ಗುರುತಿಗೆ ಚೀಲಕ್ಕೆ ಅಂಟಿಸಿದ ಚೀಟಿಯನ್ನು ಬೆರಳಿಟ್ಟು ನೋಡುತ್ತಾನೆ. ಆಮೇಲೆ ನನಗೆ ಕೇಳಿಸಬಾರದೆಂದು ದನಿ ತಗ್ಗಿಸುತ್ತಾನೆ:

“ನಮ್ಮ ಪೈಕೀದಲ್ಲ, ಹೌದಿಲ್ರಿ?”