ಚಮಚಕ್ಕೆ ಮುಟ್ಟಿಸಿದ ತುಟಿ

ಅಣ್ಣನ ಮಗಳಿಗೆ ಆಗ ಒಂದೂವರೆ ವರ್ಷ. ಶನಿವಾರ ಸಂಜೆ ಜ್ವರ ಏರಿತ್ತು. ಭಾನುವಾರ ಬಾಯಿಯೊಳಗೆ ಗುಳ್ಳೆಗಳೆದ್ದು, ಜೊಲ್ಲು ಸುರಿಸುತ್ತ ನೀರನ್ನೂ ದೂಡತೊಡಗಿದ್ದಳು. ಸೋಮವಾರ ಬೆಳಿಗ್ಗೆ ನಾನು ವಕೀಲಿ ಮಾಡುವ ಹಾವೇರಿಯಿಂದ ಬ್ಯಾಡಗಿಯ ಮನೆಗೆ ಬಂದಿಳಿದಾಗ ಅಲ್ಲಿ ತೀರ್ಪು ಆಗಲೇ ಹೊರಬಿದ್ದಿತ್ತು. ಅಣ್ಣನ ಹೆಂಡತಿ, ನನ್ನ ವೈನಿ, ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಾಳೆ. ಆ ಕೈ ತಗಲಿಯೇ ಕೂಸಿನ ಬಾಯಿ ಬೆಂದಿದೆ ಎಂದು ಅವ್ವ ಹೇಳಿದ್ದಳು, ಓಣಿ ಒಪ್ಪಿತ್ತು. ನಮ್ಮೂರಿನಲ್ಲಿ ಕಣ್ಣುರಿದರೂ ಹೊಟ್ಟೆಯುರಿದರೂ ಮೆಣಸಿನಕಾಯಿಯೇ ಆರೋಪಿ.

ವೈನಿ ಖಾರ ಹೋಗಲೆಂದು ಕೊಬ್ಬರಿಎಣ್ಣೆ ಹಚ್ಚಿ ಹಚ್ಚಿ ಅಂಗೈ ತಿಕ್ಕುತ್ತಲೇ ಇದ್ದಳು. ಔಷಧದಂಗಡಿಯವನು ಕೂಸನ್ನು ನೋಡದೆ, ಬಾಯಿಹುಣ್ಣು ಎಂಬ ಮಾತು ಕೇಳಿಯೇ ಆ್ಯಂಟಿಬಯೋಟಿಕ್ ಸಿರಪ್ ಕೊಟ್ಟು ಕಳಿಸಿದ್ದನಂತೆ. ನನ್ನ ಸಿಟ್ಟಿಗೆ ಅಷ್ಟು ಸಾಕಾಯಿತು. ಬೆಳಗಿನ ಐದು ಗಂಟೆಯಿಂದ ಕೂಸಿನ ಚಡ್ಡಿ ಒದ್ದೆಯಾಗಿಲ್ಲ ಎಂದು ವೈನಿ ಪಿಸುಗುಟ್ಟಿದಾಗ ಸಿಟ್ಟಿನ ಕೆಳಗಿದ್ದ ಭಯವೂ ಎದ್ದಿತು. ಇಬ್ಬರೂ ಕೂಸನ್ನು ಎತ್ತಿಕೊಂಡು ರಾಣೆಬೆನ್ನೂರಿನ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ನಾನು ಮನಸ್ಸಿನಲ್ಲಿ ದೋಷಾರೋಪ ಪಟ್ಟಿ ಕಟ್ಟುತ್ತಿದ್ದೆ: ಅಂಗಡಿಯವನು, ಓಣಿ, ಅವ್ವ. ಯಾರನ್ನೂ ಬಿಡುವವಳಲ್ಲ ನಾನು.

ಮಕ್ಕಳ ಡಾಕ್ಟರು ಹಿರಿಯ ಹೆಣ್ಣುಮಗಳು. ದೀಪ ಹಿಡಿದು ನೋಡಿದರು. ವಸಡು ಕೆಂಪಾಗಿ ಊದಿ, ಮುಟ್ಟಿದಲ್ಲೆಲ್ಲ ರಕ್ತ ಒಸರುತ್ತಿತ್ತು. ನಾಲಿಗೆ, ತುಟಿ, ಗದ್ದದ ಮೇಲೂ ಗುಳ್ಳೆ. ಕುತ್ತಿಗೆಯ ಗಂಟುಗಳನ್ನು ಒತ್ತಿ ನೋಡಿ, ಖಾರ ಉರಿಸಬಹುದು, ಆದರೆ ಹೀಗೆ ಜ್ವರ ತಂದು ಗಂಟು ಊದಿಸುವುದಿಲ್ಲ, ಇದು ಹರ್ಪಿಸ್ ವೈರಸ್ಸಿನ ಮೊದಲ ಸೋಂಕು ಎಂದರು. ವೈನಿಯ ಅಂಗೈಗಳು ಆಗ ಮೊದಲ ಬಾರಿ ಸುಮ್ಮನಾದವು.

ಇದು ಎಲ್ಲಿಂದ ಬಂತು ಎಂದು ನಾನು ವಕೀಲಳ ದನಿಯಲ್ಲಿ ಕೇಳಿದೆ. ಅವರು ನನ್ನ ಮುಖ ನೋಡಿದರು.

“ನಿಮ್ಮ ತುಟಿ ಮ್ಯಾಲಿಂದು ಯಾವಾಗಿಂದ ಐತ್ರಿ?”

ಜ್ವರದ ಗುಳ್ಳೆ, ಎಂಟು ದಿನದ ಹಿಂದೆ, ಕಳೆದ ವಾರದ ಭಾನುವಾರ ಎದ್ದದ್ದು, ನಿದ್ದೆಗೆಟ್ಟಾಗಲೆಲ್ಲ ಬರುತ್ತದೆ ಎಂದೆ. ಹೇಳುತ್ತಿರುವಾಗಲೇ ಆ ಭಾನುವಾರದ ಹಾಲು-ಅನ್ನ ನೆನಪಾಯಿತು. ನಮ್ಮ ಮನೆಯಲ್ಲಿ ಕೂಸಿಗೆ ಉಣಿಸುವ ಕ್ರಮವೇ ಹಾಗೆ: ಪ್ರತಿ ಚಮಚವನ್ನೂ ಮೊದಲು ನಮ್ಮ ತುಟಿಗೆ ಮುಟ್ಟಿಸಿ ಬಿಸಿ ನೋಡುವುದು. ಅಂದು ಊರಿಗೆ ಬಂದಿದ್ದ ನಾನೇ ಬಟ್ಟಲು ಖಾಲಿಯಾಗುವವರೆಗೆ ಉಣಿಸಿದ್ದೆ. ಆಮೇಲೆ ಮುದ್ದು ಬೇರೆ.

ಜೊಲ್ಲಿನಿಂದ, ಮುತ್ತಿನಿಂದ, ಎಂಜಲು ಚಮಚದಿಂದ ಇದು ದಾಟುತ್ತದೆ. ಗುಳ್ಳೆ ಕಾಣದವರಿಂದಲೂ ದಾಟಬಹುದು, ಆದ್ದರಿಂದ ನನ್ನಿಂದಲೇ ಎಂದು ಆಣೆ ಮಾಡಲಾಗದು ಎಂದು ಅವರು ಸಮಾಧಾನ ಹೇಳಿದರು. ಆ ಸಂಶಯದ ಲಾಭವನ್ನು ನಾನು ಬೇರೆ ಯಾರಿಗೂ ಕೊಟ್ಟಿರಲಿಲ್ಲ.

ಆ್ಯಂಟಿಬಯೋಟಿಕ್ ನಿಂತಿತು. ಜ್ವರ ಬಂದು ಮೂರು ದಿನ ದಾಟಿಲ್ಲವಾದ್ದರಿಂದ ವೈರಸ್ಸಿನ ಔಷಧ ಶುರುವಾಯಿತು. ತೂಕಕ್ಕೆ ತಕ್ಕ ಪ್ಯಾರಾಸಿಟಮಾಲ್ ಕೊಟ್ಟು, ನೋವು ಇಳಿದ ಮೇಲೆ ತಣ್ಣನೆಯದನ್ನು ಗುಟುಕು ಗುಟುಕಾಗಿ ಕುಡಿಸಬೇಕು. ಹುಣ್ಣು ಹತ್ತು ಹದಿನಾಲ್ಕು ದಿನಗಳಲ್ಲಿ ಮಾಯುತ್ತದೆ. ಈಗ ಅಪಾಯ ನೀರು ಇಳಿಯದಿರುವುದು.

“ಇಲ್ಲೇ ಕುಂತು ಕುಡಿಸ್ರಿ. ಎರಡು ತಾಸಿನ್ಯಾಗ ಉಚ್ಚಿ ಮಾಡ್ಲಿಲ್ಲಂದ್ರ ಹಾವೇರಿ ದವಾಖಾನಿಗೆ ಬರದ ಕೊಡ್ತೇನಿ, ಸಲೈನ್ ಹಚ್ಚಬೇಕಾಗ್ತದ.”

ಹೊರಗಿನ ಬೆಂಚಿನ ಮೇಲೆ ವೈನಿ ಕೂಸನ್ನು ಮಡಿಲಲ್ಲಿ ಹಿಡಿದಳು. ನಾನು ಕೈ ತೊಳೆದು ಬಂದು, ಸೂಜಿಯಿಲ್ಲದ ಸಿರಿಂಜಿನಿಂದ ತಣ್ಣನೆಯ ಓಆರ್‌ಎಸ್ ನೀರನ್ನು ಕೆನ್ನೆಯ ಒಳಬದಿಗೆ ಬಿಡುತ್ತ ಹೋದೆ. ಮೊದಲಿನದನ್ನು ಉಗುಳಿದಳು. ಎರಡನೆಯದೂ ಹೊರಬಂತು. ಕೂಸು ಬೆರಳನ್ನು ಬಾಯಿಗೆ ಹಾಕಿ ಕಣ್ಣಿನತ್ತ ಒಯ್ದಾಗಲೆಲ್ಲ ವೈನಿ ಕೈ ಹಿಡಿದು ಒರೆಸುತ್ತಿದ್ದಳು, ಕಣ್ಣಿಗೆ ತಗಲಬಾರದೆಂದು ಡಾಕ್ಟರು ಎಚ್ಚರಿಸಿದ್ದರು. ಅರ್ಧ ತಾಸಿನ ಮೇಲೆ ಒಂದು ಗುಟುಕು ಒಳಗಿಳಿಯಿತು. ನಾವಿಬ್ಬರೂ ಅವಳ ಗಂಟಲನ್ನೇ ನೋಡುತ್ತಿದ್ದೆವು. ಮತ್ತೊಂದು. ಒಂದು ತಾಸು ದಾಟಿತು. ಚಡ್ಡಿ ಒಣಗಿಯೇ ಇತ್ತು.

“ವೈನಿ, ತಪ್ಪು ನಂದು,” ಎಂದೆ.

“ಗೊತ್ತಾತಲ್ಲ. ಈಗ ಕುಡಸು,” ಎಂದಳು ಆಕೆ, ನನ್ನತ್ತ ತಿರುಗದೆ.

ಎರಡನೆಯ ತಾಸು ಮುಗಿಯಲು ಹತ್ತು ನಿಮಿಷವಿದ್ದಾಗ ವೈನಿ ತಟ್ಟನೆ ಎದ್ದಳು. ಸೀರೆಯ ಮುಂಭಾಗ ಮೊಣಕಾಲಿನವರೆಗೆ ತೊಯ್ದಿತ್ತು. ಹೊಸ ಸೀರೆ ಅದು, ಆಕೆ ಅದನ್ನು ಹಿಂಡಲಿಲ್ಲ, ಹಾಗೇ ಒಳಗೆ ನಡೆದು ಡಾಕ್ಟರಿಗೆ ತೋರಿಸಿದಳು.

ಸಂಜೆ ಬ್ಯಾಡಗಿಯ ಮನೆಯಲ್ಲಿ ಅವ್ವನಿಗೆ ಎಲ್ಲವನ್ನೂ ನಾನೇ ಹೇಳಿದೆ, ಓಣಿಯವರು ಇದ್ದಾಗಲೇ, ಅವರಿಗೂ ಕೇಳುವಂತೆ. ಅವ್ವ, “ಇಷ್ಟು ಕಲ್ತಾಕಿ, ಚಮಚಾ ಹಿಡಿಯೋದು ಸೈತ ಕಲೀಲಿಲ್ಲ,” ಎಂದಳು. ಅಂಗಡಿಯವನನ್ನು ಮರುದಿನ ಕೇಳಿದೆ, ಬಿಡಲಿಲ್ಲ. ಆದರೆ ಪಟ್ಟಿಯಲ್ಲಿ ಅವನೀಗ ಎರಡನೆಯವನು. ವೈನಿ ಕೂಸಿನ ಬಟ್ಟಲು, ಚಮಚ, ಟವೆಲ್ ಮೂರನ್ನೂ ಬೇರೆ ಗೂಡಿನಲ್ಲಿಟ್ಟಳು. ಅನ್ನದ ಬಿಸಿಯನ್ನು ಅಂದಿನಿಂದ ಮುಂಗೈ ಮೇಲೆ ನೋಡುತ್ತಾಳೆ.