ಚನ್ನಬಸಪ್ಪನವರಿಗಾಗಿ ಹೇಳಿದ ನಾಲ್ಕು ವಾಕ್ಯ

ಚನ್ನಬಸಪ್ಪನವರ ಕೆಲಸ ಹೋದದ್ದು ನಾನು ಹೇಳಿದ ಒಂದು ಸುಳ್ಳಿನಿಂದ. ಆ ಸುಳ್ಳು ಹೇಳುವಾಗ ನಾನು ಮನಸ್ಸಿನಲ್ಲಿ ಅವರ ಸುಖವನ್ನು ಹಾರೈಸುತ್ತಿದ್ದೆ. ಎರಡೂ ನಿಜ.

ಎಪ್ಪತ್ತರ ದಶಕದ ಆರಂಭ. ಮುಂಬಯಿಯ ಒಂದು ಸಣ್ಣ ಕನ್ನಡ ಸಂಜೆ ಪತ್ರಿಕೆಯಲ್ಲಿ ನಾನು ಉಪಸಂಪಾದಕ. ವಿಜಾಪುರದ ಕಡೆಯ ಚನ್ನಬಸಪ್ಪನವರು ಕರಡು ತಿದ್ದುವವರು. ನನ್ನ ತಪ್ಪುಗಳನ್ನು ಅಚ್ಚಿನ ಮೊಳೆ ಜೋಡಿಸುವವರಿಗೆಲ್ಲ ಕೇಳುವಂತೆ ಓದುತ್ತಿದ್ದರು. "ರಾಯರ, ಈ ಕನ್ನಡ ಯಾವ ಸಾಲ್ಯಾಗ ಕಲತ್ರಿ? ಆ ಸಾಲಿ ಇನ್ನೂ ಐತೋ, ಮುಚ್ಯಾರೋ?" ಎಲ್ಲರೂ ನಗುತ್ತಿದ್ದರು. ಅವರೆಂದರೆ ನನಗೆ ಆಗುತ್ತಿರಲಿಲ್ಲ.

ನಮ್ಮ ಘಾಟ್ಕೋಪರ್ ಚಾಳಿನ ನೆರೆಯವರೊಬ್ಬರು ಭಾನುವಾರ ಬುದ್ಧವಿಹಾರಕ್ಕೆ ಹೋಗುತ್ತಿದ್ದರು, ನನ್ನನ್ನೂ ಕರೆದೊಯ್ದರು. ಅಲ್ಲಿನ ಭಿಕ್ಷು, ಭಂತೇಜಿ, ಮೊದಲು ಐದು ಶೀಲಗಳನ್ನು ಹೇಳಿಸುತ್ತಿದ್ದರು — ಕೊಲ್ಲುವುದಿಲ್ಲ, ಕದಿಯುವುದಿಲ್ಲ, ವ್ಯಭಿಚಾರ ಮಾಡುವುದಿಲ್ಲ, ಸುಳ್ಳಾಡುವುದಿಲ್ಲ, ಅಮಲೇರಿಸುವುದನ್ನು ಮುಟ್ಟುವುದಿಲ್ಲ. ಆಮೇಲೆ ಮೈತ್ರಿಯ, ಅಂದರೆ ಎಲ್ಲರ ಒಳಿತು ಹಾರೈಸುವ, ನಾಲ್ಕು ವಾಕ್ಯ. ಪಾಲಿ ಭಾಷೆಯಲ್ಲಿ ಹೇಳಿಸಿ ಅರ್ಥ ಬಿಡಿಸುತ್ತಿದ್ದರು: ನಾನು ವೈರವಿಲ್ಲದೆ ಇರಲಿ. ದ್ವೇಷವಿಲ್ಲದೆ ಇರಲಿ. ದುಃಖವಿಲ್ಲದೆ ಇರಲಿ. ಸುಖವಾಗಿ ಬಾಳು ನಡೆಸಲಿ.

ಮೊದಲು ತನಗೆ. ನಂತರ ಗೌರವಿಸುವ ಒಬ್ಬರಿಗೆ — ನಾನು ನನ್ನ ಹಳೆಯ ಮೇಷ್ಟ್ರನ್ನು ನೆನೆದೆ. ಆಮೇಲೆ ಬೇಕೂ ಅಲ್ಲದ ಬೇಡವೂ ಅಲ್ಲದ ಒಬ್ಬರಿಗೆ — ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುವವರು. ಕೊನೆಗೆ ಮಾತ್ರ ಆಗದವರಿಗೆ, ಅದೇ ವಾಕ್ಯ, 'ನಾನು' ಇದ್ದಲ್ಲಿ ಅವರ ಹೆಸರು. ಸಿಟ್ಟು ಬಂದರೆ ಅವರನ್ನು ಬಿಟ್ಟು ಮತ್ತೆ ತನ್ನಿಂದಲೇ ತೊಡಗಬೇಕು. ಅವರಲ್ಲಿನ ಒಂದು ಒಳ್ಳೆಯದನ್ನು ಹುಡುಕಬೇಕು.

ಹುಡುಕಿದೆ. ಚನ್ನಬಸಪ್ಪನವರು ಊರು, ಮನುಷ್ಯರ ಹೆಸರು ಬಂದಲ್ಲೆಲ್ಲ ಬೆರಳಿಟ್ಟು ಎರಡು ಸಲ ಓದುತ್ತಿದ್ದರು.

ಆದರೂ ನಾನು ಒಂದು ಸಾಲು ಸೇರಿಸಿದ್ದೆ — ಅವರ ನಾಲಿಗೆ ಮೆತ್ತಗಾಗಲಿ. ಅದನ್ನು ಹೇಳಿದಾಗ ಭಂತೇಜಿ ನಕ್ಕುಬಿಟ್ಟರು. "ಅರೇ, ಯೇ ತೋ ಶಿಕಾಯತ್ ಹೈ!" ಇದು ದೂರಾಯಿತು, ಹಾರೈಕೆಗೆ ಷರತ್ತು ಇರಬಾರದು, ಅವರು ಬದಲಾಗದಿದ್ದರೂ ಸುಖವಾಗಿರಲಿ ಎನ್ನಬೇಕು, ಎಂದರು. ಆ ಸಾಲು ತೆಗೆದೆ. ದಿನವೂ ಲೋಕಲ್‌ನಲ್ಲಿ, ಕಚೇರಿಯ ಮೆಟ್ಟಿಲಲ್ಲಿ ಹೇಳಿಕೊಂಡೆ. ಕೆಲವು ತಿಂಗಳಲ್ಲಿ ಎದೆ ಹಗುರಾಯಿತು. ನಾನು ಒಳ್ಳೆಯವನಾದೆನೆಂದೇ —

ಒಂದು ಮಧ್ಯಾಹ್ನ ಬಸ್ ಅಪಘಾತದ ಸುದ್ದಿ ಬಂತು. ಮೇಲೆ ಸತ್ತವರ ಹೆಸರು, ಕೆಳಗೆ 'ಗಾಯಗೊಂಡವರು' ಎಂಬ ಕಿರುತಲೆಬರಹ, ಅದರಡಿ ಇನ್ನಷ್ಟು ಹೆಸರು. ಪುಟದಲ್ಲಿ ಒಂದು ಸಾಲು ಹೆಚ್ಚಾಯಿತು. ನಾನು ಆ ಕಿರುತಲೆಬರಹವನ್ನೇ ಹೊಡೆದು ಹಾಕಿದೆ. ಪುಟದ ಕರಡನ್ನು ಚನ್ನಬಸಪ್ಪನವರಿಗೆ ತೋರಿಸಿ ಸಹಿ ಹಾಕಿಸುವುದು ನಿಯಮ. ತೋರಿಸಲಿಲ್ಲ. ಹೊತ್ತಾಗಿತ್ತು ಎಂದು ಬರೆಯಬಹುದು. ಅವರ ಒಂದು ಮಾತು ಕೇಳುವುದು ಬೇಡವಾಗಿತ್ತು, ಅಷ್ಟೆ.

ಗಾಯಗೊಂಡವರೆಲ್ಲ ಸತ್ತವರಾದರು. ದಹಿಸರ್‌ನ ಒಬ್ಬ ಹೆಂಗಸು ಪತ್ರಿಕೆ ಹಿಡಿದು ಎದೆ ಬಡಿದುಕೊಳ್ಳುತ್ತ ಆಸ್ಪತ್ರೆಗೆ ಓಡಿದ್ದಳು. ಅವಳ ಗಂಡ, ಉಡುಪಿ ಹೋಟೆಲಿನ ಅಡುಗೆಯವನು, ಮರುದಿನ ತಲೆಗೆ ಪಟ್ಟಿ ಕಟ್ಟಿಕೊಂಡೇ ಕಚೇರಿಗೆ ಬಂದ. "ನಾನು ಸತ್ತದ್ದು ನನಗೇ ಗೊತ್ತಿಲ್ಲ ಮಾರಾಯ್ರೇ, ನಿಮಗೆ ಯಾರು ಹೇಳಿದ್ದು?" ಯಾರೂ ನಗಲಿಲ್ಲ.

ಸಂಪಾದಕರು ನಮ್ಮಿಬ್ಬರನ್ನೂ ಕರೆದರು.

"ಪುಟ ನನಗ ತೋರಿಸೇ ಇಲ್ರೀ," ಎಂದರು ಚನ್ನಬಸಪ್ಪ. "ತೋರಿಸಿದ್ರ ಕರಡಿನ್ಯಾಗ ನನ್ನ ಸಹಿ ಇರತಿತ್ತು."

ಕರಡು ಸಿಕ್ಕಿರಲಿಲ್ಲ. ಅದು ನನ್ನ ಚೀಲದಲ್ಲಿತ್ತು.

"ತೋರಿಸಿದ್ರಾ ರಾಯರೇ?" ಸಂಪಾದಕರು ನನ್ನನ್ನು ಕೇಳಿದರು.

ಅಭ್ಯಾಸ ಎಂಥದ್ದು ನೋಡಿ — ವಾಕ್ಯಗಳು ತಾವಾಗಿಯೇ ಬಂದವು. ಇವರು ವೈರವಿಲ್ಲದೆ ಇರಲಿ. ಇವರು ದುಃಖವಿಲ್ಲದೆ ಇರಲಿ.

"ತೋರಿಸಿದೆ ಸಾರ್," ಎಂದೆ.

ಚನ್ನಬಸಪ್ಪನವರು ನನ್ನನ್ನು ನೋಡಿದರು. ಸಂಜೆಯೊಳಗೆ ಅವರನ್ನು ತೆಗೆದರು. ಕರಡನ್ನು ಹರಿದು ರೈಲಿನ ಕಿಟಕಿಯಿಂದ ಎಸೆದೆ.

ಆ ಭಾನುವಾರ ಭಂತೇಜಿ ಕೇಳಿದರು, ಆ ಸಹೋದ್ಯೋಗಿಯ ಮೇಲೆ ಈಗಲೂ ಸಿಟ್ಟು ಬರುತ್ತದೆಯೇ ಎಂದು. ಇಲ್ಲ ಎಂದೆ. ಅವರು ಸಂತೋಷಪಟ್ಟರು. ಅದೂ ನಿಜವೇ — ಸಿಟ್ಟು ಬರಲು ಆ ಮನುಷ್ಯ ಎದುರಿಗಿರಲಿಲ್ಲ.

ಅವರ ಮನೆ ಹುಡುಕಿಕೊಂಡು ಹೋಗಲು ನನಗೆ ಎಷ್ಟೋ ವರ್ಷ ಬೇಕಾಯಿತು. ಹೋಗುವಷ್ಟರಲ್ಲಿ ಅವರು ತೀರಿಕೊಂಡಿದ್ದರು. ಪವಾಯಿಯಲ್ಲಿ ಮಗಳ ಮನೆಯಲ್ಲಿದ್ದ ಅವರ ಹೆಂಡತಿಯ ಮುಂದೆ ಕೂತು ಎಲ್ಲವನ್ನೂ ಹೇಳಿದೆ — ಕಿರುತಲೆಬರಹ, ಚೀಲ, ನಾನು ಆಡಿದ ಆ ಮಾತು. ಕ್ಷಮೆ ಕೇಳಲು ಬಾಯಿ ತೆರೆದೆ.

ಆಕೆ ಕೈ ಎತ್ತಿ ತಡೆದರು.

"ಪುಟ ತೋರಿಸಿಲ್ಲ, ಪುಟ ತೋರಿಸಿಲ್ಲ ಅಂತ ಸಾಯೂತನಕ ಅಂದ್ರು ನೋಡ್ರಿ," ಎಂದರು. "ನಾನಽ ನಂಬಲಿಲ್ಲ."