ಕರೆಪ್ಪಜ್ಜನ ಮೂರು ವಯಸ್ಸು

ನಮ್ಮೂರ ಕರೆಪ್ಪಜ್ಜನಿಗೆ ವಯಸ್ಸೆಷ್ಟು ಅಂತ ಕೇಳಿದರೆ ಎಲ್ಲರೂ ಎಪ್ಪತ್ತರ ಹತ್ತಿರ ಅನ್ನುತ್ತಾರೆ. ಆಧಾರ್ ಕಾರ್ಡು ಮಾತ್ರ ಐವತ್ತೇಳು ಅನ್ನುತ್ತದೆ! ಕಾರ್ಡು ಮಾಡಿದವನು ಅಂದಾಜಿನ ಮೇಲೆ 1968, ಜನವರಿ ಒಂದು ಎಂದು ಹೊಡೆದುಬಿಟ್ಟಿದ್ದ. ವೃದ್ಧಾಪ್ಯ ವೇತನಕ್ಕೆ ಅರವತ್ತು ತುಂಬಿರಬೇಕು. ಮೊಣಕಾಲು ಸವೆದು ಎರಡು ವರ್ಷದಿಂದ ಗದ್ದೆಗೆ ಇಳಿಯಲಾಗದ ಅಜ್ಜ, ಆ ವೇತನವನ್ನೇ ನಂಬಿ ಖಾನಾಪುರದ ನಾಡಕಚೇರಿಗೆ ಅಲೆಯುತ್ತಿದ್ದ.

ಅಲ್ಲಿನ ಗುಮಾಸ್ತ ಶಶಿಧರ ಒಳ್ಳೆಯವನು. ದಾರಿ ತೋರಿಸಿದವನೂ ಅವನೇ.

"ಅಜ್ಜಾರ, ಮೊದಲ ಸಾಲಿ ದಾಖಲೆ ತರ್ರಿ. ಅದನ್ನ ತೋರಿಸಿ ಆಧಾರ ತಿದ್ದಸೂಣು."

ಅಜ್ಜ ಊರ ಮರಾಠಿ ಶಾಲೆಗೆ ಹೋದ. ಹೆಡ್ ಮಾಸ್ತರರು ಕಪಾಟಿನಿಂದ ಹಳೆಯ ಜನರಲ್ ರಜಿಸ್ಟರ್ ಇಳಿಸಿ, ಧೂಳು ಕೊಡವಿ, ಬೆರಳಾಡಿಸುತ್ತ ಹುಡುಕಿದರು. ಹೆಸರು ಸಿಕ್ಕಿತು. ಸೇರಿದ ವರ್ಷ 1972, ಒಂದನೇ ತರಗತಿ. ಹುಟ್ಟಿದ್ದು 1966, ಜೂನ್ ಒಂದು.

"ಇದ ಹ್ಯಾಂಗ ಆದೀತ್ರೀ ಸರ? ನಾ ಕುರಿ ಕಾಯ್ದ ಕಾಯ್ದ ಮೀಸಿ ಬರೂ ಹೊತ್ತಿಗಿ ಸಾಲಿ ಸೇರಿದಾಂವ!"

ಮಾಸ್ತರರು ನಕ್ಕರು. "ಒಂದನೇತ್ತಕ್ಕ ಆರು ವರ್ಷ ಅಂತ ಹಿಡದಾರ. ಆಗ ಯಾರಿಗೂ ತಾರೀಖು ಗೊತ್ತಿರತಿದ್ದಿಲ್ಲ. ಈ ಪುಟದಾಗ ನೋಡ್ರಿ, ಹದಿನಾಲ್ಕು ಮಂದಿ ಜೂನ್ ಒಂದಕ್ಕ ಹುಟ್ಯಾರ!"

ಅಂದರೆ ರಜಿಸ್ಟರಿನ ಪ್ರಕಾರ ಈಗ ಐವತ್ತೊಂಬತ್ತು. ಅರವತ್ತು ತುಂಬಲು ಇನ್ನೂ ಆರು ತಿಂಗಳು ಕಾಯಬೇಕು. ಶಶಿಧರ ಎಚ್ಚರಿಸಿದ: "ಆಧಾರದಾಗ ಹುಟ್ಟಿದ ದಿನ ಒಮ್ಮಿ ಅಷ್ಟ ತಿದ್ದಾಕ ಬರತೈತಿ. ಇದನ್ನ ಹಾಕಿದ್ರ ಮುಗೀತು. ಮುಂದ ಅರವತ್ತೈದಕ್ಕ ಸಿಗೂ ಹೆಚ್ಚಿನ ಪಗಾರಕ್ಕೂ ಇದ ಲೆಕ್ಕ. ಬ್ಯಾರೆ ಏನರ ಐತೇನ್ರಿ?"

ಅಜ್ಜನ ಮುಖ ಅರಳಿತು. ಮನೆಯ ಟ್ರಂಕಿನಲ್ಲಿ ಅರಿಶಿನ ಹಚ್ಚಿದ ಕುಂಡಲಿ ಇತ್ತು! ಜೋಯಿಸರೇ ಬರೆದದ್ದು: ಚಿರಂಜೀವಿ ಕರೆಪ್ಪ, ಶಕೆ 1880, ವಿಲಂಬಿ ಸಂವತ್ಸರ. ಪಂಚಾಂಗ ಲೆಕ್ಕದಲ್ಲಿ 1958. ಅರವತ್ತೇಳು ವರ್ಷ!

ಆದರೆ ಕುಂಡಲಿಯೊಂದನ್ನೇ ಹಿಡಿದುಕೊಂಡು ಆಧಾರ್ ತಿದ್ದುವುದಿಲ್ಲ. ಮೊದಲು ಊರಿನ ಜನನ ದಾಖಲೆಯಲ್ಲಿ ಹೆಸರಿಲ್ಲ ಎಂಬ ಪತ್ರ ತರಬೇಕು. ಅದರ ಜೊತೆ ಕುಂಡಲಿ, ಹುಟ್ಟು ಕಂಡ ಹಿರಿಯರ ಅಫಿಡವಿಟ್ ಇಟ್ಟು ತಡವಾದ ಜನನ ನೋಂದಣಿಗೆ ಅರ್ಜಿ. ಅಧಿಕಾರಿ ವಿಚಾರಣೆ ಮಾಡಿ ಆದೇಶ ಕೊಟ್ಟರೆ ಜನನ ಪ್ರಮಾಣಪತ್ರ. ಅಜ್ಜನ ಹುಟ್ಟು ಕಂಡವರಲ್ಲಿ ಉಳಿದವಳು ಅಕ್ಕ ಭೀಮಕ್ಕ ಒಬ್ಬಳೇ. ಅವಳು ಬೆಳಗಾವಿಯ ಉದ್ಯಮಬಾಗದಲ್ಲಿ ಮಗನ ಮನೆಯಲ್ಲಿದ್ದಳು.

ಟೈಪ್ ಮಾಡಿಸಿದ ಅಫಿಡವಿಟ್, ಕುಂಡಲಿ, ಒಂದು ಚೀಲ ಅವಲಕ್ಕಿ ಹಿಡಿದು ಅಜ್ಜ ಬಸ್ ಹತ್ತಿದ.

"ಬಾರೋ ಕರ್ಯಾ. ಮುದುಕರ ಗತೆ ಕುಂಟಾಕತ್ತಿಯಲ್ಲ?" ಅಂದಳು ಭೀಮಕ್ಕ.

"ನಿನ್ನ ಹೆಬ್ಬಟ್ಟು ಬೇಕಾಗೈತಿ ಯಕ್ಕಾ. ಆಮ್ಯಾಲೆ ಬೈ."

ಅಜ್ಜ ಕುಂಡಲಿ ಬಿಚ್ಚಿದ. ಓದು ಬಾರದ ಭೀಮಕ್ಕ ಅರಿಶಿನದ ಕಲೆ ನೋಡಿಯೇ ಗುರುತು ಹಿಡಿದಳು.

"ಇದ ನಿಂದಲ್ಲೋ."

"ಹೆಸರ ನಂದ ಐತಲ್ಲ!"

"ನಿನಗಿಂತ ಮೊದಲ ಒಬ್ಬ ಕರೆಪ್ಪ ಇದ್ದ. ಎರಡ ವರ್ಷದಾಂವ, ಜ್ವರದಾಗ ಹೋದ. ಮುತ್ಯಾನ ಹೆಸರು ಉಳೀಬೇಕಂತ ಅಪ್ಪ ನಿನಗೂ ಅದನ್ನ ಇಟ್ಟ. ಒಂದು ಕೂಸು ಹೋದ ಮ್ಯಾಲೆ ಅವ್ವ ಮತ್ತೊಂದು ಕುಂಡಲಿ ಬರಸಾಕ ಬಿಡಲಿಲ್ಲ."

ಅಜ್ಜನಿಗೆ ಇದನ್ನು ಯಾರೂ ಹೇಳಿರಲಿಲ್ಲ. ಅರವತ್ತು ವರ್ಷ ಅವನು ಆ ಕಾಗದವನ್ನು ತನ್ನದೆಂದು ಜೋಪಾನ ಮಾಡಿದ್ದ.

"ಹಂಗಾರ ನಾ ಯಾವಾಗ ಹುಟ್ಟೇನಿ?"

"ಕೊಯ್ನಾದಾಗ ಭೂಮಿ ನಡಗಿದ ವರ್ಷ ನೀ ಆರು ವರ್ಷದಾಂವ. ಕುರಿ ಹಟ್ಟಿಯಿಂದ ಓಡಿ ಬಂದು ನನ್ನ ಸೀರಿ ಹಿಡಕೊಂಡಿದ್ದಿ."

ಭೀಮಕ್ಕನ ಮೊಮ್ಮಗಳು ಸೃಷ್ಟಿ ಲೆಕ್ಕ ಹಾಕಿದಳು. ಮಹಾರಾಷ್ಟ್ರದ ಕೊಯ್ನಾದಲ್ಲಿ ಭೂಕಂಪ ಆದದ್ದು 1967. ಹಾಗಾದರೆ ಹುಟ್ಟಿದ್ದು 1961. ಅರವತ್ನಾಲ್ಕು. ವೇತನಕ್ಕೆ ಈಗಲೇ ಅರ್ಹ, ಆದರೆ ಅದನ್ನು ಹೇಳುವ ಒಂದು ಕಾಗದವೂ ಇಲ್ಲ.

ಅಜ್ಜ ಮೆಲ್ಲಗೆ ಅಂದ: "ಯಕ್ಕಾ, ಯಾರಿಗಿ ಗೊತ್ತಾಗತೈತಿ? ಹೆಬ್ಬಟ್ಟು ಒತ್ತಿಬಿಡು."

"ನಾ ಅವನ್ನ ಟೊಂಕದ ಮ್ಯಾಲೆ ಹೊತ್ತಾಕಿ. ಮಣ್ಣ ಮಾಡೂವಾಗ ಅಪ್ಪನ ಬಾಜೂಕ ನಿಂತಾಕಿ. ಅವ ಹುಟ್ಟಿದ ದಿನ ನಿಂದ ಅಂತ ಹ್ಯಾಂಗ ಒತ್ತಲಿ? 1961 ಅಂತ ಬರಿ, ಈಗ ಒತ್ತತೀನಿ."

ಮರುದಿನ ಶಶಿಧರ ತಲೆಯಾಡಿಸಿದ. "ಬರೇ ಅಕ್ಕನ ಮಾತು ಒಂದು ಕಡೆ, ಸಾಲಿ ರಜಿಸ್ಟರ್ ಒಂದು ಕಡೆ. ವಿಚಾರಣಿಯಾಗ ಸಾಹೇಬ್ರು ರಜಿಸ್ಟರನ್ನ ಹಿಡೀತಾರ. ಅರ್ಜಿ ಹಾಕಿದ್ರ ತಾರೀಖಿನ ಮ್ಯಾಲೆ ತಾರೀಖು ಬಿದ್ದು ಜೂನ್ ದಾಟಿ ಹೋಗತೈತಿ. ಕುಂಡಲಿ ಇಟ್ಟಿದ್ರ..."

"ಅದ ನಮ್ಮಣ್ಣಂದು," ಅಂದ ಅಜ್ಜ.

ಆಧಾರ್ ಕೇಂದ್ರದಲ್ಲಿ ಅಜ್ಜ ಶಾಲೆಯ ದಾಖಲೆ ಕೊಟ್ಟ. ಹುಡುಗಿ ಕೇಳಿದಳು: "ಇದ ಖಾಯಂ ಮಾಡ್ಲೇನ್ರಿ ಅಜ್ಜಾ? ಮತ್ತ ತಿದ್ದಾಕ ಬರೂದಿಲ್ಲ."

1961ಕ್ಕೂ 1966ಕ್ಕೂ ನಡುವಿನ ಐದು ವರ್ಷ ಅಲ್ಲೇ ಹೋಗುತ್ತಿತ್ತು. ಅಜ್ಜ ಮೊಣಕಾಲು ಒತ್ತಿಕೊಳ್ಳುತ್ತ ಕುಳಿತ. ಸಾಲಿನಲ್ಲಿ ಹಿಂದಿದ್ದವರು ಗೊಣಗತೊಡಗಿದರು.

"ಮಾಡವ್ವ," ಅಂದ ಕೊನೆಗೆ, "ಜೂನ್‌ತನಕ ಹ್ಯಾಂಗರ ಜೀವ ಹಿಡೀತೀನಿ."